ನಿಂತ ನೀರು

ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಎದುರಿಗೆ ಹೊಸ ಮನೆ ಏಳುತ್ತಿದೆ. ಮೊನ್ನೆ ಅಲ್ಲಿಯ ಬಡಗಿ ತೊಲೆಗಳಿಗೆ ಗೆದ್ದಲು ಹಿಡಿಯದಿರಲೆಂದು ಗೇರೆಣ್ಣೆ ಹಚ್ಚುತ್ತಿದ್ದ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕರಿ ಎಣ್ಣೆ ಅದು. ಒಗರು, ಸುಟ್ಟ ವಾಸನೆ. ನಾನು ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಒಲೆ ಆರಿಸಿ ಹೊರಗೆ ಬಂದೆ. ನನ್ನ ಬಲಗೈಯ ಮಣಿಕಟ್ಟಿನ ಹತ್ತಿರ ಹುಣಸೆಬೀಜದಷ್ಟು ಅಗಲದ ಒಂದು ಹಳೆಯ ಕಲೆ ಇದೆ. ಈ ಎಣ್ಣೆಯೇ ಸುಟ್ಟ ಕಲೆ. ಅದು ಆವತ್ತು ತುರಿಸಿದಂತಾಯಿತು. ಇಷ್ಟು ವರ್ಷಗಳ ಮೇಲೆ ಕಲೆ ತುರಿಸುತ್ತದೆಯೇ ಎಂದು ಡಾಕ್ಟರನ್ನು ಕೇಳಿದರೆ ನಕ್ಕಾರು. ಆದರೆ ತುರಿಸಿತು.

ಆ ವಾಸನೆಯ ಬೆನ್ನಿಗೇ ಅಜ್ಜ ಬಂದ. ತಲೆಗೆ ಸುತ್ತಿದ ಬಿಳಿ ವಸ್ತ್ರ, ಉಪ್ಪುನೀರು ತಿಂದ ಕಾಲ್ಬೆರಳು, ಮೂಗಿನಿಂದ ಗಾಳಿ ಎಳೆದು ಮುಖ ತಿರುಗಿಸುವ ಅವನ ಅಭ್ಯಾಸ… ಜೊತೆಗೆ ಆ ಹಳೆಯ ನಾಚಿಕೆಯೂ ಬಂತು. ಅದು ಅವನನ್ನು ಬಿಟ್ಟು ಒಂಟಿಯಾಗಿ ಎಂದೂ ಬಂದದ್ದಿಲ್ಲ.

ಅಪ್ಪ ಕಡಲ ಮೀನುಗಾರರ ಮಗ. ಹೊನ್ನಾವರದ ಕಡೆ, ಹೊಳೆ ಕಡಲನ್ನು ಸೇರುವ ಅಳಿವೆಯ ದಂಡೆಯ ಒಂದು ಹಳ್ಳಿ. ಅಮ್ಮ ಹರಿಹರದವಳು, ತುಂಗಭದ್ರೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವರ ಮಗಳು. ಮದುವೆಯಾದ ಮೇಲೆ ಅಪ್ಪ ಹೆಂಡತಿಯ ಊರಿಗೇ ಬಂದು ನಿಂತ. ನನ್ನ ಸೋದರಮಾವನ ಜೊತೆ ಸೇರಿ ಹೊಳೆಯಲ್ಲಿ ಬಲೆ ಬಿಟ್ಟು, ಸಿಕ್ಕ ಬಾಳೆಮೀನನ್ನು ಬುಟ್ಟಿಯಲ್ಲಿಟ್ಟು ದಾವಣಗೆರೆಯ ಸಂತೆಗೆ ಒಯ್ಯುತ್ತಿದ್ದ. ಕಡಲಿನವನು ಹೊಳೆಗೆ ಬಂದದ್ದಕ್ಕೆ ಅವನ ಊರಲ್ಲಿ ನಕ್ಕವರಿದ್ದರಂತೆ. ಸಮುದ್ರ ಈಜಿದವನು ಬಚ್ಚಲಲ್ಲಿ ಕೂತ ಎಂದು.

ಅಪ್ಪನ ಊರಲ್ಲಿ ಅಜ್ಜಿ ತೀರಿಹೋದ ವರ್ಷ, ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ, ಅಪ್ಪ ಅಜ್ಜನನ್ನು ಹರಿಹರಕ್ಕೆ ಕರೆತಂದ. ನಾನು ಆಗ ಐದನೇ ತರಗತಿ. ಅಜ್ಜನಿಗೆ ನಮ್ಮೂರಲ್ಲಿ ಮಾಡಲು ಏನೂ ಇರಲಿಲ್ಲ. ಹರಿಗೋಲು ಹತ್ತಿದರೆ ಅದು ಗಿರಗಿರ ತಿರುಗುತ್ತಿತ್ತು. ಮುಂದೆ ಯಾವುದು ಹಿಂದೆ ಯಾವುದು ಗೊತ್ತಾಗದ ಈ ಬುಟ್ಟಿಯನ್ನು ದೋಣಿ ಎನ್ನುತ್ತೀರಾ ಎಂದು ಅವನು ಇಳಿದುಬಿಡುತ್ತಿದ್ದ. ಉಳಿದದ್ದು ನಾನು. ಶಾಲೆಯಿಂದ ಬಂದು ಚೀಲ ಇಡುವ ಮುಂಚೆಯೇ ಜಗಲಿಯಿಂದ ಕೇಳುತ್ತಿದ್ದ.

"ತಂಗಿ, ಈಗ ನಮ್ಮೂರಲ್ಲಿ ನೀರು ಎಲ್ಲದೆ?"

ಕಡಲನ್ನೇ ನೋಡದ ಹುಡುಗಿಗೆ ಈ ಪ್ರಶ್ನೆ! ಹೇಗೆ ಹೇಳುವುದೆಂದು ಅವನೇ ಕಲಿಸಿದ. ಬೆರಳಿನ ಗೆರೆಗಳನ್ನು ಎಣಿಸಬೇಕು. ಐದು ಬೆರಳಿಗೆ ಮೂರು ಮೂರರಂತೆ ಹದಿನೈದು ಗೆರೆ, ಹದಿನೈದು ತಿಥಿ. ಅಮಾವಾಸ್ಯೆ, ಹುಣ್ಣಿಮೆಯ ದಿನ ನಡುಹಗಲಿನ ಸ್ವಲ್ಪ ಮುಂಚೆ ಅವನ ಊರಲ್ಲಿ ನೀರು ತುಂಬಿ ನಿಲ್ಲುತ್ತದೆ. ಅದಕ್ಕೆ ಭರತ ಎಂದು ಹೆಸರು. ಅಲ್ಲಿಂದ ದಿನಕ್ಕೆ ಎರಡು ಗಳಿಗೆ ತಡ, ಅಂದರೆ ಮುಕ್ಕಾಲು ಗಂಟೆಯ ಮೇಲೊಂದು ಚೂರು. ಚಂದ್ರ ದಿನವೂ ಅಷ್ಟೇ ತಡವಾಗಿ ಹುಟ್ಟುತ್ತಾನೆ, ನೀರು ಅವನ ಹಿಂದೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ಪೂರ್ತಿ ತಲೆಕೆಳಗಾಗಿ ನಡುಹಗಲಿಗೆ ಇಳಿತ ಬಂದಿರುತ್ತದೆ. "ಅಮಾಸಿಗೆ ಉಣ್ಣೂ ಹೊತ್ತಿಗೆ ಭರತ, ಅಷ್ಟಮಿಗೆ ಉಣ್ಣೂ ಹೊತ್ತಿಗೆ ಇಳಿತ" ಎಂದು ಮಗ್ಗಿಯಂತೆ ಹೇಳಿಸುತ್ತಿದ್ದ. ಅಮಾವಾಸ್ಯೆ ಹುಣ್ಣಿಮೆಯ ನೀರು ಬಹಳ ಏರುತ್ತದೆ, ಬಹಳ ಇಳಿಯುತ್ತದೆ. ಅಷ್ಟಮಿಯದು ಸೋಮಾರಿ ನೀರು, ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ.

ಏರುವ ಬಗೆಯನ್ನು ತೋರಿಸಲು ನನ್ನ ತಮ್ಮನ ತೊಟ್ಟಿಲನ್ನು ತೂಗಿದ. ತುದಿಯಲ್ಲಿ ತೊಟ್ಟಿಲು ನಿಧಾನ, ನಡುವೆ ಜೋರು, ಮತ್ತೆ ಆ ತುದಿಯಲ್ಲಿ ನಿಧಾನ, ಒಂದು ಚಣ ನಿಂತು ಹಿಂದಕ್ಕೆ. ಕಡಲ ನೀರೂ ಹಾಗೇ. ಆರು ತಾಸು ಏರುತ್ತದೆ. ಮೊದಲ ತಾಸು ಏರಿದ್ದೇ ಗೊತ್ತಾಗುವುದಿಲ್ಲ, ಮೂರನೆಯದು ನಾಲ್ಕನೆಯದರಲ್ಲಿ ಓಡುತ್ತದೆ, ಕೊನೆಯ ತಾಸಿಗೆ ಮತ್ತೆ ನಿಧಾನ, ಆಮೇಲೆ ನಿಲ್ಲುತ್ತದೆ.

"ನಿಂತ ನೀರು ತಿರುಗೂದೇ ಸೈ. ದೋಣಿಯವನಿಗೆ ಆ ನಿಂತ ಚಣವೇ ದೇವರು" ಎನ್ನುತ್ತಿದ್ದ.

ಯಾಕೆಂದರೆ ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವಿದೆ. ಇಳಿತದ ನೀರು ಹೊಳೆಯಿಂದ ಹೊರಗೆ ನುಗ್ಗುವಾಗ ಕಡಲಿನ ತೆರೆ ಒಳಗೆ ನುಗ್ಗುತ್ತಿರುತ್ತದೆ. ಎರಡೂ ಆ ದಿಬ್ಬದ ಮೇಲೆ ಗುದ್ದಾಡಿ ಗೋಡೆಯಂತೆ ಏಳುತ್ತವೆ. ಆಗ ದೋಣಿ ಒಯ್ದವನು ಹೆಂಡತಿಯ ಕುಂಕುಮ ಒರೆಸಿದಂತೆ. ನೀರು ತುಂಬಿ ನಿಂತಾಗ ದಾಟಬೇಕು.

ಸಂಜೆ ಉಂಡು ಹೊಳೆಯ ಮೆಟ್ಟಿಲ ಮೇಲೆ ಕೂತು ಚುಕ್ಕಿ ಓದುವ ಪಾಠ. ತೋಳು ಚಾಚಿ ಮುಷ್ಟಿ ಕಟ್ಟಿ, ಬಡಗಣ ದಿಕ್ಕಿಗೆ ಹಿಡಿದರೆ ನೆಲದಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ. ಹೊಸದಾಗಿ ಬಂದಾಗ ಅಜ್ಜ ಮೊದಲು ಅಳೆದದ್ದೇ ಅದನ್ನು. ಅವನ ಊರಲ್ಲೂ ಒಂದೂವರೆ, ನಮ್ಮೂರಲ್ಲೂ ಒಂದೂವರೆ. ಮೂಡಣಕ್ಕೆ ಎಷ್ಟು ಬಂದರೂ ಧ್ರುವ ಏರುವುದಿಲ್ಲ ಇಳಿಯುವುದಿಲ್ಲ, ತೆಂಕಣಕ್ಕೋ ಬಡಗಣಕ್ಕೋ ಹೋದರೆ ಮಾತ್ರ ಹೆಚ್ಚುಕಮ್ಮಿ ಎಂದು ವಿವರಿಸಿದ. ಆ ದಿನ ಅವನ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ನೀರು ಬಿಟ್ಟುಬಂದರೂ ಚುಕ್ಕಿ ಜೊತೆಗೇ ಬಂದಿದೆ ಎಂದುಕೊಂಡನೋ ಏನೋ. ಬೇಸಗೆಯಲ್ಲಿ ತೆಂಕಣಕ್ಕೆ ತಿರುಗಿದರೆ ಓರೆಯಾಗಿ ಏಳುವ ನಾಲ್ಕು ಚುಕ್ಕಿ. ನಮ್ಮ ಮೇಷ್ಟ್ರು ಅದಕ್ಕೆ ತ್ರಿಶಂಕು ಎಂದರು, ಅಜ್ಜ ನಾಲ್ಕು ಗೂಟ ಎನ್ನುತ್ತಿದ್ದ. ಅದು ನೆಟ್ಟಗೆ ನಿಂತಾಗ ಅದರ ಬುಡವೇ ನೇರ ತೆಂಕಣ. ಕೃತ್ತಿಕೆಯ ಗೊಂಚಲು ಸಂಜೆಯ ಪಡುವಣ ಬೆಳಕಿನಲ್ಲಿ ಮುಳುಗಿ ಕಾಣದಾದರೆ ದೋಣಿಗೆ ಇನ್ನು ಸ್ವಲ್ಪವೇ ದಿನ. ಅದೇ ಗೊಂಚಲು ಬೆಳಗಿನ ಜಾವ ಮೂಡಣದಲ್ಲಿ ಮತ್ತೆ ಕಂಡರೆ ಮಳೆಗಾಲ ಬಾಗಿಲಿಗೆ ಬಂದಂತೆ, ದೋಣಿ ದಂಡೆಯ ಮೇಲಿರಬೇಕು. ಶಾಮನೂರಿನ ಕಡೆಯಿಂದ ಮೀನಿಗೆ ಬರುತ್ತಿದ್ದ ರೈತರೊಬ್ಬರು ಇದನ್ನು ಕೇಳಿ, "ನಾವೂ ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಅಂತೀವಲ್ರಿ, ಹಂಗೇ ಆತು" ಎಂದರು.

ಓಣಿಯವರಿಗೆ ಮಾತ್ರ ಇದೆಲ್ಲ ತಮಾಷೆ. ನೀರಿಗಿಳಿಯದೆ ಈಜು ಕಲಿಸುತ್ತಾನೆ ಅಜ್ಜ ಎಂದು ನಗುತ್ತಿದ್ದರು. ನನ್ನ ಗೆಳತಿಯರು ದಾರಿಯಲ್ಲಿ ಕಂಡರೆ "ಏ, ಸಮುದ್ರ ಎಲ್ಲೈತೆ, ಚೀಲದಾಗೈತಾ?" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆಗಿನ್ನೂ ನಾಚಿಕೆ ಬರುತ್ತಿರಲಿಲ್ಲ.

ಮೇ ತಿಂಗಳ ರಜೆಯಲ್ಲಿ ಅಪ್ಪ, ಅಜ್ಜ, ನಾನು ಮೂವರೂ ಅವನ ಊರಿಗೆ ಹೋದೆವು. ಮಳೆಗಾಲದ ಮುಂಚೆ ಅಜ್ಜನ ದೋಣಿಯನ್ನು ಮೇಲೆಳೆದು ಗೇರೆಣ್ಣೆ ಹಚ್ಚಿ, ತೆಂಗಿನ ಗರಿ ಹೊದಿಸಿ ಮಲಗಿಸಬೇಕಾಗಿತ್ತು. ಬಸ್ಸು ಇಳಿದಾಗ ಅಷ್ಟಮಿಯ ನಡುಹಗಲು. ಇಳಿತ ಇರಬೇಕು, ಆದರೆ ಬಹಳ ಇಳಿದಿರಬಾರದು ಎಂದು ಬೆರಳೆಣಿಸುತ್ತಲೇ ಓಡಿದೆ. ದಂಡೆಯಲ್ಲಿ ಒದ್ದೆ ಮರಳು ಒಂದಿಷ್ಟೇ ಅಗಲ, ನೀರು ಅದರ ಅಂಚಿನಲ್ಲಿ ಸುಮ್ಮನೆ ಮಲಗಿತ್ತು. ನಾನು ಹರಿಹರದ ಜಗಲಿಯಲ್ಲಿ ಕೂತು ಹೇಳುತ್ತಿದ್ದ ನೀರು ನಾನು ಹೇಳಿದ ಕಡೆಯಲ್ಲೇ ಇತ್ತು! ಆ ಸಂತೋಷವನ್ನು ಆಮೇಲೆ ಯಾವ ಪರೀಕ್ಷೆಯ ಫಲಿತಾಂಶವೂ ಕೊಡಲಿಲ್ಲ. ಅಜ್ಜ ಹಿಂದಿನಿಂದ ಬಂದು ನನ್ನ ತಲೆಯ ಮೇಲೆ ತನ್ನ ಬಿಳಿ ವಸ್ತ್ರ ಇಟ್ಟ.

ಗಾಳಿಯನ್ನು ಕಲಿತದ್ದು ಅಲ್ಲಿ. ರಾತ್ರಿ ನೆಲ ಬೇಗ ತಣಿಯುತ್ತದೆ, ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಹೊರಡುತ್ತದೆ. ಅದರ ಬೆನ್ನೇರಿ ದೋಣಿಗಳು ಹೋಗುತ್ತವೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ಒಳಗೆ ಬರುತ್ತದೆ, ಹಾಯಿ ಬಿಚ್ಚಿದರೆ ಅದೇ ಮನೆಗೆ ತರುತ್ತದೆ. ಕುತ್ತಿಗೆಗೆ ನೀರು ಹಚ್ಚಿಕೊಂಡು ನಿಂತರೆ ಯಾವ ಕಡೆ ತಣ್ಣಗಾಗುತ್ತದೋ ಗಾಳಿ ಆ ಕಡೆಯದು. ಹೋದ ಮೊದಲ ಕೆಲವು ದಿನ ಬೆಳಗ್ಗೆ ಎದ್ದು ಕಡಲಿಗೆ ಮುಖ ಮಾಡಿ ನಿಂತಾಗ ನನ್ನ ಕುತ್ತಿಗೆಯ ಹಿಂಬದಿ, ಅಂದರೆ ಮೂಡಣದ ಕಡೆ, ತಣ್ಣಗಾಗುತ್ತಿತ್ತು. ಒಂದು ಬೆಳಿಗ್ಗೆ ಯಾವ ಕಡೆಯೂ ತಣ್ಣಗಾಗಲಿಲ್ಲ.

"ಅಜ್ಜ, ನೆಲದ ಗಾಳಿ ಬಂದಿಲ್ಲ" ಎಂದೆ.

ಅವನು ಮೊದಲೇ ಎದ್ದು ನಿಂತಿದ್ದ. ತೆರೆ ನೋಡು ಎಂದ. ಗಾಳಿಯೇ ಇಲ್ಲ, ಆದರೂ ದೂರದೂರಕ್ಕೆ ಒಂದರಂತೆ ಉದ್ದನೆಯ, ದಪ್ಪ ತೆರೆಗಳು ನೈಋತ್ಯದಿಂದ ಉರುಳಿ ಬರುತ್ತಿದ್ದವು. ಗಾಳಿಯಿಲ್ಲದೆ ತೆರೆ ಬಂತೆಂದರೆ ಗಾಳಿ ಬೇರೆಲ್ಲೋ ಇದೆ, ತೆರೆ ಅದಕ್ಕಿಂತ ಮುಂಚೆ ಓಡಿ ಬಂದಿದೆ ಎಂದು ಅರ್ಥ. ಅಜ್ಜ ದಂಡೆಯುದ್ದಕ್ಕೂ ನಡೆದು, ಹೊರಡಲು ನಿಂತಿದ್ದ ದೋಣಿಗಳನ್ನೆಲ್ಲ ನಿಲ್ಲಿಸಿದ. ಕೆಲವು ಹುಡುಗರು ಗೊಣಗಿದರು. ಮಧ್ಯಾಹ್ನದ ಮೇಲೆ ತೆಂಕಣದಲ್ಲಿ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಸಂಜೆ ಬೀಸಿದ ಗಾಳಿಗೆ ದಂಡೆಯ ತೆಂಗಿನ ಮರಗಳೇ ಉರುಳಿದವು. ಹೊರಗೆ ಹೋಗಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ಮರುದಿನ ಗೊಣಗಿದ ಹುಡುಗರೇ ಬಂದು ಅಜ್ಜನ ದೋಣಿ ಎಳೆಯಲು ಹೆಗಲು ಕೊಟ್ಟರು. ಅದಕ್ಕೆ ಗೇರೆಣ್ಣೆ ಹಚ್ಚುವಾಗ ನಾನೂ ಕೈ ಹಾಕಿದೆ. ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಅದನ್ನು ಮುಟ್ಟಬಾರದೆಂದು ಹೇಳುವ ಮುಂಚೆಯೇ ನನ್ನ ಮಣಿಕಟ್ಟಿನಲ್ಲಿ ಬೊಬ್ಬೆ ಎದ್ದಿತ್ತು.

ಈ ಕಥೆಯನ್ನು ಅಪ್ಪ ಹರಿಹರಕ್ಕೆ ಬಂದು ಹತ್ತು ಸಲ ಹೇಳಿದ. ಹೇಳಿದಂತೆಲ್ಲ ಗಾಳಿ ದೊಡ್ಡದಾಯಿತು, ಅಜ್ಜನೂ ದೊಡ್ಡವನಾದ. ನಕ್ಕ ಓಣಿಯವರೇ ಈಗ ಹಪ್ಪಳ ಒಣಗಿಸಲು ಕೂಡ ಮಳೆ ಬರುತ್ತದೋ ಎಂದು ಅಜ್ಜನನ್ನು ಕೇಳಲು ಬರುತ್ತಿದ್ದರು. ಮಾವನಂತೂ ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಅಜ್ಜನೆಂದರೆ ಅವನಿಗೆ ಮೊದಲೇ ಅಕ್ಕನ ಮಾವ, ಬೀಗರು. ಬೀಗರು ಉಪ್ಪಿಲ್ಲದ ಸಾರನ್ನು ರುಚಿಯಾಗಿದೆ ಎಂದರೆ ರುಚಿಯಾಗಿದೆ ಎನ್ನುವ ಮನೆತನ ನಮ್ಮ ತಾಯಿಯ ಕಡೆಯದು.

ಮಾವನಿಗೆ ಹೊಳೆಯ ನಡುಗಡ್ಡೆಯಲ್ಲಿ ಒಂದು ಗುಡಿಸಲಿತ್ತು. ಬಲೆಗಳು, ಮೀನು ಒಣಗಿಸುವ ಚಾಪೆ, ಎಲ್ಲವೂ ಅಲ್ಲಿ. ಮಳೆಗಾಲದ ಮೊದಲ ದೊಡ್ಡ ನೀರು ಬರುವ ಮುಂಚೆ ಅದನ್ನು ಈಚೆ ದಡಕ್ಕೆ ಸಾಗಿಸುವುದು ಅವನ ವಾಡಿಕೆ. ಆ ವರ್ಷ ನಮ್ಮಲ್ಲಿ ಮಳೆ ಕಡಿಮೆ. ಪುಷ್ಯ ಮಳೆಯ ಹೊತ್ತಿಗೆ ಒಂದು ದಿನ ಬೆಳಿಗ್ಗೆ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಕೆಂಪಾಗಿ ಏರತೊಡಗಿತು. ಮಲೆನಾಡಿನಲ್ಲಿ ಎಂದೋ ಸುರಿದ ಮಳೆ ಆ ದಿನ ಹರಿಹರಕ್ಕೆ ಬಂದಿತ್ತು. ಅಪ್ಪ ಮೀನಿನ ಬುಟ್ಟಿ ಕಟ್ಟಿಕೊಂಡು ದಾವಣಗೆರೆಗೆ ಹೋಗಿದ್ದ. ಮಾವ ಹರಿಗೋಲನ್ನು ನೀರಿಗೆ ಇಳಿಸಲು ಬಂದ.

"ಈಗ ಬೇಡ" ಎಂದ ಅಜ್ಜ. "ಎಳೆತ ಜೋರದೆ. ನೀರು ನಿಲ್ಲಲಿ, ಆಗ ದಾಟು."

ಅವನು ಒಂದು ಬಿದಿರಿನ ಕೋಲಿಗೆ ಗೇಣಿಗೊಂದು ದಾರ ಕಟ್ಟಿ ದಡದಲ್ಲಿ ನೆಟ್ಟಿದ್ದ. ಪಕ್ಕದಲ್ಲಿ ನಾನು ಹೆಮ್ಮೆಯಿಂದ ಕುಕ್ಕರಗಾಲಲ್ಲಿ ಕೂತಿದ್ದೆ. ನೀರು ಮೊದಲು ನಿಧಾನವಾಗಿ ಏರಿತು. ಆಮೇಲೆ ದಾರದ ಮೇಲೆ ದಾರ ನುಂಗಿತು. ಊಟದ ಹೊತ್ತು ಕಳೆದಂತೆ ಮತ್ತೆ ನಿಧಾನವಾಯಿತು. ಕೊನೆಗೆ ಒಂದು ದಾರದ ಕೆಳಗೆ ಬಂದು ನಿಂತೇಬಿಟ್ಟಿತು. ತೊಟ್ಟಿಲಿನ ಹಾಗೆಯೇ. ಹೊಳೆಗೆ ಭರತವಿಲ್ಲ ಎಂದು ಅಜ್ಜನಿಗೆ ಗೊತ್ತಿಲ್ಲದೆ ಏನಲ್ಲ. ಅವನ ತಲೆಗೆ ಗೊತ್ತಿತ್ತು, ಅರವತ್ತು ವರ್ಷ ಕಡಲು ನೋಡಿದ ಕಣ್ಣಿಗೆ ಗೊತ್ತಿರಲಿಲ್ಲ.

ಮಾವ ಕೋಲನ್ನೂ ನೀರನ್ನೂ ನೋಡಿ ತಲೆ ಕೆರೆದುಕೊಂಡ. "ಬೀಗ್ರೇ, ಇದು ತುಂಗೆ ನೀರು ಅನಸ್ತೈತೆ. ಭದ್ರಿ ನೀರು ಇನ್ನಾ ಬರೋದೈತೇನೋ…"

"ನಿಂತ ನೀರು ತಿರುಗೂದೇ" ಎಂದ ಅಜ್ಜ. "ಇದಕ್ಕಿಂತ ಒಳ್ಳೆ ಹೊತ್ತು ಸಿಕ್ಕೂದಿಲ್ಲ. ಹೋಗಿ ಬಾ."

ಮಾವ ಹೊಳೆಯನ್ನು ಇನ್ನೊಮ್ಮೆ ನೋಡಿದ. ಅವನಿಗೆ ಗೊತ್ತಿತ್ತು. ಬೀಗರ ಮಾತು ಮೀರಬಾರದೆಂದು ತುಟಿ ಕಚ್ಚಿಕೊಂಡು, "ಆತ್ರಿ, ನೀವು ಹೇಳಿದ್ಮ್ಯಾಲೆ ಇನ್ನೇನು" ಎಂದು ಹರಿಗೋಲು ಹತ್ತಿದ.

ನಮ್ಮ ಹೊಳೆ ಒಂದಲ್ಲ, ಎರಡು. ತುಂಗೆ ಬೇರೆ ಕಾಡಿನಿಂದ, ಭದ್ರೆ ಬೇರೆ ಕಾಡಿನಿಂದ ಬಂದು ಕೂಡಲಿಯಲ್ಲಿ ಸೇರುತ್ತವೆ. ತುಂಗೆಗೆ ತಡೆ ಕಡಿಮೆ, ಮಳೆ ಬಿದ್ದರೆ ನೇರ ಹರಿದು ಬರುತ್ತಾಳೆ. ಭದ್ರೆಗೆ ದೊಡ್ಡ ಡ್ಯಾಂ ಇದೆ. ಅದು ತುಂಬುವ ತನಕ ನೀರು ಅಲ್ಲೇ, ತುಂಬಿ ಗೇಟು ತೆಗೆದರೆ ಒಮ್ಮೆಗೇ. ಹಾಗಾಗಿ ಹರಿಹರಕ್ಕೆ ಕೆಲವು ವರ್ಷ ನೀರು ಎರಡು ಸಲ ಬರುತ್ತದೆ. ನಡುವೆ ಹೊಳೆ ಉಸಿರು ಹಿಡಿದಂತೆ ನಿಲ್ಲುತ್ತದೆ. ಅಜ್ಜ ಕಂಡ ಭರತದ ತುದಿ ಆ ಉಸಿರು.

ಮಾವ ಗುಡಿಸಲು ಮುಟ್ಟಿ ಬಲೆ ಸುತ್ತುತ್ತಿರುವಾಗ ಕೋಲಿನ ಆ ದಾರ ಮುಳುಗಿತು. ನಾನೇ ಮೊದಲು ಕಂಡದ್ದು. "ಅಜ್ಜ, ಏರ್ತಾ ಐತೆ" ಎಂದೆ. ಅವನು ನನ್ನನ್ನು ತಳ್ಳಿ ಬಗ್ಗಿ ನೋಡಿದ. ಇನ್ನೊಂದು ದಾರ ಮುಳುಗಿತು. ಅಜ್ಜ ಕೂಗಿದ ಕೂಗು ನೀರಿನ ಸದ್ದಿನಲ್ಲಿ ಆಚೆಗೆ ಮುಟ್ಟಲಿಲ್ಲ. ಕಟ್ಟಿದ್ದ ಹರಿಗೋಲು ಗೂಟ ಸಮೇತ ಕಿತ್ತು ತಿರುಗುತ್ತಾ ಹೋಯಿತು. ಗುಡಿಸಲು ಕೂತಲ್ಲೇ ಕೂತು ಹರಡಿಹೋಯಿತು. ಮಾವ ನಡುಗಡ್ಡೆಯ ಒಂದೇ ಒಂದು ಜಾಲಿಮರ ಹತ್ತಿ, ಮುಳ್ಳಿನ ನಡುವೆ ಕೊಂಬೆ ತಬ್ಬಿಕೊಂಡ. ಅಜ್ಜ ಹಗ್ಗ ಹಿಡಿದು ಎದೆಮಟ್ಟ ನೀರಿಗಿಳಿದ. ಎಸೆದ, ಎಳೆದುಕೊಂಡ, ಮತ್ತೆ ಎಸೆದ. ಹಗ್ಗ ಕಾಲು ಭಾಗ ದೂರವೂ ಹೋಗಲಿಲ್ಲ. ನಾಲ್ಕು ಜನ ಸೇರಿ ಅವನನ್ನು ಈಚೆಗೆ ಎಳೆಯಬೇಕಾಯಿತು.

ಉಳಿಸಿದ್ದು ನಮ್ಮ ಓಣಿಯ ಹೊಳೆ ಜನ. ದೊಡ್ಡ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡದಲ್ಲೇ ಬಹಳ ಮೇಲಕ್ಕೆ ಹೋಗಿ ಅಲ್ಲಿ ನೀರಿಗೆ ಬಿಟ್ಟರು. ನೀರಿನ ಜೊತೆ ಜಗಳಾಡದೆ, ಅದು ಒಯ್ದಂತೆ ತೇಲುತ್ತಾ, ಹುಟ್ಟಿನಿಂದ ಚೂರುಚೂರೇ ಓರೆ ಮಾಡುತ್ತಾ ಸರಿಯಾಗಿ ಜಾಲಿಮರಕ್ಕೆ ಬಂದು ತಾಗಿದರು. ದೀಪ ಹಚ್ಚುವ ಮುಂಚೆ ಮಾವ ಎಷ್ಟೋ ಕೆಳಗಿನ ದಡದಲ್ಲಿ ಇಳಿದ. ಮೈಯೆಲ್ಲ ಮುಳ್ಳು, ರಕ್ತ. ಆದರೆ ಜೀವ ಇತ್ತು.

ಆ ಸಂಜೆ ಮಾವನ ಮನೆಯ ಅಂಗಳದಲ್ಲಿ ಓಣಿಯೆಲ್ಲ ಸೇರಿತ್ತು. ಅಜ್ಜ ಒದ್ದೆ ಪಂಚೆಯಲ್ಲೇ ಬಂದ. ತಲೆಯ ಬಿಳಿ ವಸ್ತ್ರವನ್ನು ಬಿಚ್ಚಿ, ಮಡಿಸಿ, ಮಾವ ಕೂತಿದ್ದ ಚಾಪೆಯ ಮುಂದೆ ನೆಲದ ಮೇಲೆ ಇಟ್ಟ. ಬೋಳು ತಲೆಯಲ್ಲಿ ಅವನನ್ನು ಓಣಿಯವರು ನೋಡಿದ್ದು ಅದೇ ಮೊದಲು. ಮೀನಿನ ಹೊಟ್ಟೆಯಂತೆ ಬೆಳ್ಳಗಿತ್ತು.

"ತಪ್ಪು ನಂದು. ಎರಡು ಮಾತು ಬಯ್ಯಿ" ಎಂದ.

ಮಾವ ಎದ್ದು ನಿಂತುಬಿಟ್ಟ. "ಎಂಥಾ ಮಾತ್ರಿ ಬೀಗ್ರೇ, ಹಂಗನ್ನಬ್ಯಾಡ್ರಿ." ಮಾವನ ತಾಯಿ, ಅಂದರೆ ನನ್ನ ಅಮ್ಮಮ್ಮ, ವಸ್ತ್ರವನ್ನು ಎತ್ತಿ ಕಣ್ಣಿಗೊತ್ತಿ ಅಜ್ಜನ ಕೈಗೆ ಕೊಟ್ಟಳು. "ಬಿಡ್ರಿ, ಗಂಗಮ್ಮ ವಾಪಸ್ ಕೊಟ್ಟಾಳ. ಊಟಕ್ಕ ಕೂಡ್ರಿ." ಊಟಕ್ಕೆ ಎಲೆ ಹಾಕಿದರು. ಅವನಿಗೆ ಮೊದಲು ಬಡಿಸಿದರು.

ಬೈದಿದ್ದರೆ ಅವನು ಉಣ್ಣುತ್ತಿದ್ದ ಎಂದು ನನಗೆ ಈಗ ಅನ್ನಿಸುತ್ತದೆ. ಯಾರೂ ಬೈಯಲಿಲ್ಲ. ಮನೆಯಲ್ಲಿ ಅಪ್ಪ ಬೈಯಲಿಲ್ಲ, ಅಮ್ಮ ಬೈಯಲಿಲ್ಲ. ಆ ದಿನದಿಂದ ಅಜ್ಜನನ್ನು ಎಲ್ಲರೂ ಮೊದಲಿಗಿಂತ ಹೆಚ್ಚು ಗೌರವದಿಂದ ಮಾತಾಡಿಸಿದರು. ಕೇಳುವುದನ್ನು ಮಾತ್ರ ಬಿಟ್ಟರು. ಹಪ್ಪಳ ಹಾಕುವವರೂ ತಾವೇ ಆಕಾಶ ನೋಡಿಕೊಂಡರು.

ಅಜ್ಜನೂ ನನ್ನನ್ನು ಕೇಳುವುದು ಬಿಟ್ಟ. ಶಾಲೆಯಿಂದ ಬಂದರೆ ಜಗಲಿ ಖಾಲಿ. ಎಲ್ಲಿ ಎಂದರೆ ಹರಿಹರದ ಬಸ್‌ ಸ್ಟ್ಯಾಂಡು! ಶಿವಮೊಗ್ಗದ ಕಡೆಯಿಂದ ಬಸ್ಸು ಬಂದರೆ ಸಾಕು, ಅಜ್ಜ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. "ಅಲ್ಲಿ ಮಳೆ ಹೆಂಗದೆ? ಹೊಳೆ ಯಾವ ಬಣ್ಣ? ಡ್ಯಾಂ ತುಂಬಿತಾ?" ಕಂಡಕ್ಟರುಗಳು ಮೊದಮೊದಲು ಹೇಳಿದರು. ಆಮೇಲೆ ಅವನನ್ನು ಕಂಡರೆ "ಬಂದ್ರು ನೋಡಪ್ಪ ಡ್ಯಾಂ ಸಾಹೇಬ್ರು" ಎಂದು ಸೀಟಿ ಊದುತ್ತಿದ್ದರು. ನನ್ನ ಗೆಳತಿಯರು ಇದನ್ನೆಲ್ಲ ನೋಡಿ ತರಗತಿಗೆ ತಂದರು. ಆಗ ಬಂತು ನನಗೆ ನಾಚಿಕೆ. ಬಸ್‌ ಸ್ಟ್ಯಾಂಡಿನ ದಾರಿ ಬಿಟ್ಟು ಸುತ್ತು ಬಳಸಿ ಶಾಲೆಗೆ ಹೋಗತೊಡಗಿದೆ.

ಸಂಜೆ ಅಜ್ಜ ಮಾವನ ಹತ್ತಿರ ಹೋಗಿ ಕೂರುತ್ತಿದ್ದ. ತನಗಿಂತ ಮೂವತ್ತು ವರ್ಷ ಚಿಕ್ಕವನ ಎದುರು ಶಿಷ್ಯನಂತೆ. ಭದ್ರೆಯ ನೀರು ಬಂತೆಂದು ಹೇಗೆ ಗೊತ್ತಾಗುತ್ತದೆ? ಮಾವ ಮುಜುಗರದಿಂದಲೇ ಹೇಳಿದ. "ತುಂಗೆದು ಕೆಂಪು ಇರ್ತೈತ್ರಿ, ಎಲೆ, ಬಿದಿರು, ಕಸ ಎಲ್ಲಾ ಹೊತ್ಕಂಡ್ ಬರ್ತಾಳ. ಡ್ಯಾಂ ನೀರಿಗೆ ಕೆಸರು ಅಲ್ಲೇ ಕೂತಿರ್ತೈತೆ. ಕೆಂಪು ಮಾಸಿ, ಕಸ ಕಮ್ಮಿಯಾಗಿ, ನೀರು ತಣ್ಣಗಾಗಿ, ಆದ್ರೂ ಇಳೀಲಿಲ್ಲಾಂದ್ರೆ ಭದ್ರಿ ಬಂದ್ಲು ಅಂತ ತಿಳ್ಕಳ್ರಿ." ಅಜ್ಜ ದಿನವೂ ಹೊಳೆಗಿಳಿದು ಬೊಗಸೆಯಲ್ಲಿ ನೀರೆತ್ತಿ ಬಣ್ಣ ನೋಡುತ್ತಿದ್ದ, ಮೂಸುತ್ತಿದ್ದ. ಚಳಿಗಾಲ ಕಳೆಯಿತು, ಬೇಸಗೆ ಕಳೆಯಿತು. ಆ ವರ್ಷ ಮೇ ತಿಂಗಳಲ್ಲಿ ಅವನು ತನ್ನ ಊರಿಗೆ ಹೋಗಲಿಲ್ಲ. ದೋಣಿಗೆ ಗೇರೆಣ್ಣೆ ಹಚ್ಚಲು ಅಪ್ಪ ಒಬ್ಬನೇ ಹೋಗಿಬಂದ.

ಮರು ಮಳೆಗಾಲ ಹೊಳೆ ಮತ್ತೆ ಏರಿತು. ಕೆಂಪಾಗಿ ಏರಿತು, ಊಟದ ಹೊತ್ತಿಗೆ ನಿಂತಿತು. ಅಜ್ಜ ಅಂದು ಬೆಳಗ್ಗೆಯೇ ಬಸ್‌ ಸ್ಟ್ಯಾಂಡಿಗೆ ಹೋಗಿ ಬಂದು, ಹೊಳೆಗೆ ಇಳಿದು ಬಂದು, ಒಗೆದ ವಸ್ತ್ರ ತಲೆಗೆ ಸುತ್ತಿ ಜಗಲಿಯ ತುದಿಯಲ್ಲಿ ಕೂತಿದ್ದ. ಹೊಳೆಗೆ ಹೋಗುವ ಬರುವವರೆಲ್ಲ ನಮ್ಮ ಜಗಲಿಯನ್ನು ದಾಟಿಯೇ ಹೋಗಬೇಕು. ಕೇಳದೆ ಹೇಳಬಾರದೆಂದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟು. ಮಾವ ಬಂದ. ಅಜ್ಜ ಸ್ವಲ್ಪ ನೆಟ್ಟಗೆ ಕೂತ. ಮಾವ "ಊಟ ಆತೇನ್ರಿ ಬೀಗ್ರೇ?" ಎಂದ, ಅಜ್ಜ "ಆಯ್ತು" ಎಂದ, ಮಾವ ಹೋದ. ಬಲೆ ಹೊತ್ತು ವಾಪಸ್ಸು ಬಂದ, ಮತ್ತೆ ಹೋದ. ಬೇರೆಯವರೂ ಬಂದರು, ಹೋದರು. ಎಲ್ಲರೂ ನಮಸ್ಕಾರ ಹೇಳಿದರು.

ನಡುಗಡ್ಡೆಯ ಸಾಮಾನೆಲ್ಲ ಹೊತ್ತಿಗೆ ಮುಂಚೆ ಈಚೆಗೆ ಬಂತು. ಯಾರಿಗೂ ಏನೂ ಆಗಲಿಲ್ಲ. ಅಜ್ಜನನ್ನು ಕೇಳದಿದ್ದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ಕತ್ತಲಾಗುವ ಮುಂಚೆ ಭದ್ರೆ ಬಂದಳು. ಅಮ್ಮ ದೀಪ ಹಚ್ಚಿ ಹೊರಗೆ ಬಂದಾಗ ಅವನು ಇನ್ನೂ ಹಾಗೇ ಕೂತಿದ್ದ. ನಾನು ಬಾಗಿಲ ಮರೆಯಲ್ಲಿ ನಿಂತು ಅಷ್ಟೂ ಹೊತ್ತು ನೋಡಿದ್ದೆ. ಒಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ನಗೆಪಾಟಲಾಗಿ ಕಲಿತ ಪಾಠವನ್ನು ಒಪ್ಪಿಸಲು ಅವನು ಕಾಯುತ್ತಿದ್ದಾನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು… ಯಾರ ಬಾಯಿಗೂ ಬರಲಿಲ್ಲ. ಕೇಳಿದರೆ ಹಳೆಯದು ನೆನಪಾದೀತೆಂದು ಒಬ್ಬೊಬ್ಬರೂ ಅವನ ಮರ್ಯಾದೆ ಕಾಯ್ದೆವು.

ಮಳೆ ನಿಂತ ಮೇಲೆ ಅವನು ತನ್ನ ಊರಿಗೆ ಹೋಗುತ್ತೇನೆಂದ. ಅಪ್ಪ ಬಿಟ್ಟು ಬಂದ. ಮುಂದಿನ ದೀಪಾವಳಿಯ ಹೊತ್ತಿಗೆ ಅಜ್ಜ ಇಲ್ಲ ಎಂಬ ಸುದ್ದಿ ಬಂತು. ಮಲಗಿದಲ್ಲೇ ಹೋದನಂತೆ. ಮಾವ ಕೂಡ ಈಗಿಲ್ಲ. ಕೊನೆಯವರೆಗೂ ಅವನು ಅಜ್ಜನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆ ಒಳ್ಳೆಯತನವನ್ನು ನೆನೆದರೂ ನನಗೆ ನಾಚಿಕೆಯೇ ಆಗುತ್ತದೆ, ಯಾಕೆಂದು ಬಿಡಿಸಿ ಹೇಳಲಾರೆ.

ಮೊನ್ನೆ ಗೇರೆಣ್ಣೆಯ ವಾಸನೆಗೆ ಗೇಟಿನ ಹತ್ತಿರ ನಿಂತವಳು ಅರಿವಿಲ್ಲದೆ ಬೆರಳಿನ ಗೆರೆ ಎಣಿಸುತ್ತಿದ್ದೆ. ಅಷ್ಟಮಿ, ಉಣ್ಣುವ ಹೊತ್ತು. ಅಜ್ಜನ ಊರಲ್ಲಿ ಈಗ ಇಳಿತ, ಸೋಮಾರಿ ನೀರು ಒದ್ದೆ ಮರಳಿನ ಅಂಚಿನಲ್ಲಿ ಮಲಗಿರಬೇಕು. ಇದನ್ನು ನನ್ನಿಂದ ಕೇಳುವವರು ಈ ಬಡಾವಣೆಯಲ್ಲಿ ಯಾರೂ ಇಲ್ಲ. ಅದು ಇರಲಿ. ನಾನು ಕೇಳಬೇಕಾದದ್ದು ಒಂದು ಬಾಕಿ ಇತ್ತು. ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಕೇಳಿಯೇಬಿಟ್ಟೆ.

"ಅಜ್ಜ, ಹೊಳೆ ನೀರು ನಿಂತೈತೆ. ಇಳೀತೈತೋ, ಇನ್ನಾ ಬರೋದೈತೋ?"

ಎದುರಿನ ಬಡಗಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ತಲೆ ಎತ್ತಿದ.

"ಏನಂದ್ರಿ ಅಮ್ಮಾರೆ?"

"ಏನಿಲ್ಲಪ್ಪ. ಕೊಬ್ರಿ ಎಣ್ಣಿ ಹಚ್ಕಂಡು ಮುಟ್ಟು ಅದನ್ನ, ಕೈ ಸುಡ್ತೈತೆ" ಎಂದು ಹೇಳಿ ಒಳಗೆ ಬಂದೆ.